ಒಂದೊಂದೇ ಪದ ಇಂಟಿಗ್ರೇಟ್ ಮಾಡಿದರೆ ಲಾಗ್ ಶ್ರೇಣಿ ಬರುತ್ತದೆ. ಸರಿ, ಆದರೆ ಹಾಗೆ ಮಾಡಬಹುದಾ?

ಕ್ಯಾಲ್ಕುಲಸ್ ಓದಿದವರೆಲ್ಲ ಈ ಲೆಕ್ಕವನ್ನು ಒಮ್ಮೆಯಾದರೂ ನೋಡಿರುತ್ತಾರೆ. ಮೊದಲು ಗುಣೋತ್ತರ ಶ್ರೇಣಿಯನ್ನು ಬರೆದುಕೊಳ್ಳುತ್ತೇವೆ. t ಎನ್ನುವುದು −1 ಮತ್ತು 1ರ ನಡುವೆ ಇದ್ದರೆ,

1/(1+t) = 1 − t + t² − t³ + …

ಈಗ ಎರಡೂ ಕಡೆ ಸೊನ್ನೆಯಿಂದ x ವರೆಗೆ ಇಂಟಿಗ್ರೇಟ್ ಮಾಡುತ್ತೇವೆ. ಎಡಗಡೆ ln(1+x) ಬರುತ್ತದೆ. ಬಲಗಡೆ ಒಂದೊಂದು ಪದವನ್ನೂ ಬೇರೆಬೇರೆಯಾಗಿ ಇಂಟಿಗ್ರೇಟ್ ಮಾಡಿದರೆ,

ln(1+x) = x − x²/2 + x³/3 − x⁴/4 + …

ಅಷ್ಟೇ, ಮುಗಿಯಿತು. ನಿಕೊಲಸ್ ಮರ್ಕೇಟರ್ 1668ರಲ್ಲಿ ಪ್ರಕಟಿಸಿದ್ದು ಇದೇ ಶ್ರೇಣಿಯನ್ನು. (ಭೂಪಟದ ಮರ್ಕೇಟರ್ ಬೇರೆ, ಅವರು ಅದಕ್ಕಿಂತ ಒಂದು ಶತಮಾನ ಹಿಂದಿನವರು.) ನ್ಯೂಟನ್ ಅದಕ್ಕೂ ಮೊದಲೇ ಇದನ್ನು ಕಂಡುಕೊಂಡಿದ್ದರು, ಪ್ರಕಟಿಸಿರಲಿಲ್ಲ. ಇಬ್ಬರೂ ನೋಡುತ್ತಿದ್ದದ್ದು ಹೈಪರ್ಬೋಲದ ಕೆಳಗಿನ ವಿಸ್ತೀರ್ಣವನ್ನು. 1/(1+t) ಎನ್ನುವ ಭಾಗಾಕಾರವನ್ನು ಮುಗಿಯದ ಹಾಗೆ ಮಾಡುತ್ತಾ ಹೋಗಿ, ಬಂದ ಪ್ರತಿ ಪದದ ವಿಸ್ತೀರ್ಣವನ್ನು ಕೂಡಿಸಿದರು. ಉತ್ತರ ಸರಿಯಾಗಿಯೇ ಬಂತು.

ನನಗೆ ಈ ಲೆಕ್ಕ ತುಂಬ ಇಷ್ಟ. ಉತ್ತರಕ್ಕಿಂತ ಜಾಸ್ತಿ, ಅದರ ನಡುವೆ ನಾವು ಗಮನಿಸದೆ ದಾಟಿಬಿಡುವ ಒಂದು ಹೆಜ್ಜೆ ಇಷ್ಟ. "ಬಲಗಡೆ ಒಂದೊಂದು ಪದವನ್ನೂ ಬೇರೆಬೇರೆಯಾಗಿ" ಎಂದೆನಲ್ಲ, ಆ ಹೆಜ್ಜೆ. ಎರಡು ಪದಗಳ ಮೊತ್ತವನ್ನು ಬಿಡಿಸಿ ಇಂಟಿಗ್ರೇಟ್ ಮಾಡಬಹುದು. ನೂರು ಪದ ಇದ್ದರೂ ಮಾಡಬಹುದು, ಸಾವಿರ ಇದ್ದರೂ ಮಾಡಬಹುದು. ಆದರೆ ಕೊನೆಯಿಲ್ಲದ ಮೊತ್ತ ಎನ್ನುವುದು ನಿಜಕ್ಕೂ ಮೊತ್ತವೇ ಅಲ್ಲ, ಅದೊಂದು ಲಿಮಿಟ್. ಮೊದಲ n ಪದಗಳನ್ನು ಕೂಡಿಸಿ, n ಬೆಳೆದಂತೆ ಆ ಮೊತ್ತ ಎಲ್ಲಿಗೆ ಹತ್ತಿರವಾಗುತ್ತದೆ ಎಂದು ಕೇಳುವುದು. ಇಂಟಿಗ್ರಲ್ ಕೂಡ ಒಂದು ಲಿಮಿಟ್ಟೇ. ಹಾಗಾಗಿ ನಾವು ಇಲ್ಲಿ ಮಾಡಿದ್ದು ಎರಡು ಲಿಮಿಟ್‌ಗಳ ಕ್ರಮವನ್ನು ಅದಲು ಬದಲು ಮಾಡುವ ಕೆಲಸ. ಇದಕ್ಕೆ ಸುಮ್ನೆ ಅನುಮತಿ ಸಿಗುವುದಿಲ್ಲ.

ಅದಲು ಬದಲು ಮಾಡಿದರೆ ಏನು ಕೆಡುತ್ತದೆ ಎಂದು ಕಣ್ಣಾರೆ ನೋಡದೆ ಈ ಎಚ್ಚರಿಕೆಗೆ ಅರ್ಥ ಬರುವುದಿಲ್ಲ. ಅದಕ್ಕೆ ಮೊದಲು ಕೆಡುವ ಒಂದು ಉದಾಹರಣೆ ನೋಡೋಣ. ಸೊನ್ನೆಯಿಂದ ಒಂದರವರೆಗೆ ಈ ಫಂಕ್ಷನ್ ತೆಗೆದುಕೊಳ್ಳಿ:

gₙ(t) = n² tⁿ (1 − t)

ಯಾವುದೇ ಒಂದು t ಹಿಡಿದು ನಿಲ್ಲಿ. t ಒಂದಕ್ಕಿಂತ ಕಡಿಮೆ ಇದ್ದರೆ, tⁿ ಕುಸಿಯುವ ವೇಗದ ಮುಂದೆ n² ಬೆಳೆಯುವ ವೇಗ ಏನೂ ಅಲ್ಲ. ಹಾಗಾಗಿ gₙ(t) ಸೊನ್ನೆಗೆ ಹೋಗುತ್ತದೆ. t = 1 ಆದರೆ (1 − t) ಇರುವುದರಿಂದ ಬೆಲೆ ಯಾವಾಗಲೂ ಸೊನ್ನೆಯೇ. ಅಂದರೆ ಎಲ್ಲಿ ನಿಂತು ನೋಡಿದರೂ ಲಿಮಿಟ್ ಸೊನ್ನೆ. ಸೊನ್ನೆಯ ಇಂಟಿಗ್ರಲ್ ಸೊನ್ನೆ.

ಈಗ ಮೊದಲು ಇಂಟಿಗ್ರೇಟ್ ಮಾಡಿ, ಆಮೇಲೆ ಲಿಮಿಟ್ ತೆಗೆದುಕೊಳ್ಳಿ. tⁿ(1 − t) ಯ ಇಂಟಿಗ್ರಲ್ 1/(n+1) − 1/(n+2), ಅಂದರೆ 1/((n+1)(n+2)). ಅದನ್ನು n² ರಿಂದ ಗುಣಿಸಿದರೆ n = 10 ಇದ್ದಾಗ ಸುಮಾರು 0.758, n = 100 ಇದ್ದಾಗ ಸುಮಾರು 0.971. ಇದು ಹೋಗುತ್ತಿರುವುದು 1ರ ಕಡೆಗೆ. ಒಂದು ದಾರಿಯಲ್ಲಿ ಹೋದರೆ ಸೊನ್ನೆ, ಇನ್ನೊಂದು ದಾರಿಯಲ್ಲಿ ಹೋದರೆ ಒಂದು. ಇದನ್ನೇ ಶ್ರೇಣಿಯಾಗಿಯೂ ಬರೆಯಬಹುದು: ಮೊದಲ ಪದ g₁, ಎರಡನೆಯದು g₂ − g₁, ಮೂರನೆಯದು g₃ − g₂, ಹೀಗೆ. ಆಗ ಶ್ರೇಣಿಯ ಮೊತ್ತ ಎಲ್ಲೆಡೆ ಸೊನ್ನೆ, ಆದರೆ ಒಂದೊಂದೇ ಪದ ಇಂಟಿಗ್ರೇಟ್ ಮಾಡಿ ಕೂಡಿಸಿದರೆ 1.

ಆ ವಿಸ್ತೀರ್ಣ ಎಲ್ಲಿ ಅಡಗಿತ್ತು? gₙ ನ ಚಿತ್ರ ಬರೆದರೆ ಗೊತ್ತಾಗುತ್ತದೆ. t = n/(n+1) ಎನ್ನುವ ಜಾಗದಲ್ಲಿ ಒಂದು ಶಿಖರ ಇದೆ. n = 10 ಇದ್ದಾಗ ಅದರ ಎತ್ತರ ಸುಮಾರು 3.5. n = 100 ಇದ್ದಾಗ ಸುಮಾರು 36.6. n ಬೆಳೆದಂತೆ ಶಿಖರ ಎತ್ತರವಾಗುತ್ತದೆ, ಕಿರಿದಾಗುತ್ತದೆ, ಮತ್ತು 1ರ ಕಡೆಗೆ ಸರಿಯುತ್ತದೆ. ನಾವು ನಿಂತ ಜಾಗವನ್ನು ಅದು ಯಾವತ್ತೋ ಒಂದು ದಿನ ದಾಟಿ ಹೋಗುತ್ತದೆ. ದಾಟಿದ ಮೇಲೆ ನಮಗೆ ಕಾಣುವುದು ಸೊನ್ನೆ ಮಾತ್ರ. ಆದರೆ ಶಿಖರ ಇಲ್ಲವಾಗಿಲ್ಲ, ನಮ್ಮಿಂದ ಮುಂದೆ ಸರಿದಿದೆ ಅಷ್ಟೆ. ತನ್ನ ವಿಸ್ತೀರ್ಣವನ್ನು ಜೊತೆಗೇ ಒಯ್ದಿದೆ.

ಈ ಚಿತ್ರ ನೋಡಿದ ಮೇಲೆ ಏನು ಬೇಕು ಎನ್ನುವುದು ತಾನಾಗಿಯೇ ಹೊಳೆಯುತ್ತದೆ. ಒಂದೊಂದು ಬಿಂದುವಿನಲ್ಲಿ ನಿಂತು ಸಮಾಧಾನಪಡುವುದು ಸಾಲದು. ಇಡೀ ಇಂಟರ್ವಲ್‌ನಲ್ಲಿ ಅತಿ ದೊಡ್ಡ ವ್ಯತ್ಯಾಸ ಎಷ್ಟು ಎಂದು ಕೇಳಬೇಕು. ಆ ಅತಿ ದೊಡ್ಡ ವ್ಯತ್ಯಾಸವೇ ಸೊನ್ನೆಗೆ ಹೋಗಬೇಕು. ಇದನ್ನೇ ಯೂನಿಫಾರ್ಮ್ ಕನ್ವರ್ಜೆನ್ಸ್ ಎನ್ನುತ್ತಾರೆ. ಇನ್ನೊಂದು ರೀತಿಯಲ್ಲಿ ಹೇಳುವುದಾದರೆ, ನೀವು 0.001ರಷ್ಟು ನಿಖರತೆ ಕೇಳಿದರೆ ನಾನು ಒಂದೇ ಒಂದು n ಕೊಡಬೇಕು, ಮತ್ತು ಆ n ಎಲ್ಲಾ ಬಿಂದುಗಳಿಗೂ ಸಾಕಾಗಬೇಕು. ಪ್ರತಿ ಬಿಂದುವಿಗೂ ಬೇರೆ ಬೇರೆ n ಕೊಡುತ್ತೇನೆ ಎಂದರೆ ಅದು ಬಿಂದುವಾರು ಕನ್ವರ್ಜೆನ್ಸ್ ಮಾತ್ರ.

ಅದು ಸಿಕ್ಕಿದರೆ ಇಂಟಿಗ್ರಲ್ ಕೆಲಸ ಒಂದೇ ಸಾಲಿನಲ್ಲಿ ಮುಗಿಯುತ್ತದೆ. ಮೊದಲ n ಪದಗಳ ಮೊತ್ತವನ್ನು sₙ ಎನ್ನೋಣ, ನಿಜವಾದ ಫಂಕ್ಷನ್ ಅನ್ನು f ಎನ್ನೋಣ. ಇಂಟರ್ವಲ್‌ನ ಎಲ್ಲಾ ಕಡೆ |f − sₙ| ಎನ್ನುವುದು Mₙ ಗಿಂತ ಹೆಚ್ಚಿಲ್ಲ ಎಂದಾದರೆ,

|∫f − ∫sₙ| ≤ ∫|f − sₙ| ≤ (ಇಂಟರ್ವಲ್‌ನ ಉದ್ದ) × Mₙ

ಉದ್ದ ಸೀಮಿತ. Mₙ ಸೊನ್ನೆಗೆ ಹೋಗುತ್ತದೆ. ಹಾಗಾಗಿ ಎಡಗಡೆಯೂ ಸೊನ್ನೆಗೆ ಹೋಗಲೇಬೇಕು. ಇದರಲ್ಲಿ ಮುಚ್ಚುಮರೆ ಏನೂ ಇಲ್ಲ. ಎತ್ತರ Mₙ, ಅಗಲ ಇಂಟರ್ವಲ್‌ನಷ್ಟು ಇರುವ ಒಂದು ಆಯತದೊಳಗೆ ಎಲ್ಲಾ ವ್ಯತ್ಯಾಸವೂ ಕೂರುತ್ತದೆ ಎಂದಷ್ಟೇ ಹೇಳುತ್ತಿದ್ದೇವೆ. ಆಯತ ಚಪ್ಪಟೆಯಾದರೆ ಅದರೊಳಗಿನ ವಿಸ್ತೀರ್ಣವೂ ಹೋಗುತ್ತದೆ. gₙ ನ ಶಿಖರ ಇಂಥ ಆಯತದೊಳಗೆ ಕೂರುವುದೇ ಇಲ್ಲ, ಅದಕ್ಕೇ ಅಲ್ಲಿ ಲೆಕ್ಕ ಕೆಟ್ಟಿತು.

ಈಗ ನಮ್ಮ ಗುಣೋತ್ತರ ಶ್ರೇಣಿಗೆ ಬರೋಣ. ಇಲ್ಲಿ ಒಂದು ದೊಡ್ಡ ಅನುಕೂಲ ಇದೆ. ವ್ಯತ್ಯಾಸ ಎಷ್ಟು ಎಂದು ಅಂದಾಜು ಮಾಡಬೇಕಿಲ್ಲ, ಪೂರ್ತಿ ಸೂತ್ರವೇ ಕೈಯಲ್ಲಿದೆ. n ಪದಗಳಾದ ಮೇಲೆ ಭಾಗಾಕಾರ ನಿಲ್ಲಿಸಿದರೆ,

1/(1+t) = 1 − t + t² − … + (−1)ⁿ⁻¹ tⁿ⁻¹ + (−1)ⁿ tⁿ/(1+t)

ಇದು ಲಿಮಿಟ್ ಅಲ್ಲ, ಸರಿಯಾದ ಸಮೀಕರಣ. t = −1 ಒಂದನ್ನು ಬಿಟ್ಟು ಎಲ್ಲಾ t ಗೂ ನಿಜ. ಕೊನೆಯ ಪದವೇ ಉಳಿಕೆ. ಅದರ ಗಾತ್ರ |t|ⁿ/(1+t), −1ರಿಂದ 1ರ ಒಳಗೆ.

ಈ ಉಳಿಕೆಯ ಅತಿ ದೊಡ್ಡ ಬೆಲೆ ಎಷ್ಟು? ಮೊದಲು ಆಸೆಪಟ್ಟು −1ರಿಂದ 1ರ ವರೆಗಿನ ಇಡೀ ತೆರೆದ ಇಂಟರ್ವಲ್‌ನಲ್ಲೇ ನೋಡೋಣ. ಇಂಥ ಕಡೆ ನಾನು ನಂಬುವ ಪರೀಕ್ಷೆ ಒಂದಿದೆ. ಬಿಂದುವನ್ನು ಒಂದು ಕಡೆ ನಿಲ್ಲಿಸಬೇಡಿ, n ಜೊತೆಗೆ ಅದನ್ನೂ ಅಂಚಿನ ಕಡೆ ನಡೆಸಿ. t = 1 − 1/n ಹಾಕಿ ನೋಡಿ. n = 10 ಇದ್ದಾಗ t = 0.9, ಉಳಿಕೆ 0.3487/1.9, ಅಂದರೆ ಸುಮಾರು 0.184. n = 100 ಇದ್ದಾಗ t = 0.99, ಉಳಿಕೆ ಮತ್ತೆ ಸುಮಾರು 0.184. n = 1000 ಮಾಡಿದರೂ ಅದೇ 0.184. ಎಷ್ಟು ಪದ ಕೂಡಿಸಿದರೂ ಅಂಚಿನ ಹತ್ತಿರ ಎಲ್ಲೋ ಒಂದು ಕಡೆ ವ್ಯತ್ಯಾಸ ಜಗ್ಗದೆ ಕೂತಿದೆ. ಎಡ ಅಂಚಿನಲ್ಲಿ ಸ್ಥಿತಿ ಇನ್ನೂ ಕೆಟ್ಟದು. t = −0.9, n = 10 ಹಾಕಿದರೆ ಉಳಿಕೆ ಸುಮಾರು 3.5. t = −0.99, n = 100 ಹಾಕಿದರೆ 36.6. ಇದು ಕಡಿಮೆಯಾಗುವುದಿರಲಿ, ಬೆಳೆಯುತ್ತಿದೆ. ಇಡೀ ತೆರೆದ ಇಂಟರ್ವಲ್‌ನಲ್ಲಿ ಯೂನಿಫಾರ್ಮ್ ಕನ್ವರ್ಜೆನ್ಸ್ ಇಲ್ಲ, ಇದರಲ್ಲಿ ಅನುಮಾನವೇ ಬೇಡ.

ಹಾಗಾದರೆ ಮರ್ಕೇಟರ್ ಮಾಡಿದ್ದು ತಪ್ಪಾ? ಇಲ್ಲ. ನಾವು ಕೇಳಿದ ಪ್ರಶ್ನೆಯೇ ಅಗತ್ಯಕ್ಕಿಂತ ದೊಡ್ಡದಾಗಿತ್ತು. ಇಂಟಿಗ್ರಲ್ ಹೋಗುವುದು ಎಲ್ಲಿಂದ ಎಲ್ಲಿಗೆ? ಸೊನ್ನೆಯಿಂದ x ವರೆಗೆ. ಆ x ಒಂದು ನಿರ್ದಿಷ್ಟ ಸಂಖ್ಯೆ, −1 ಮತ್ತು 1ರ ಒಳಗೆ ಇರುವ ಸಂಖ್ಯೆ. ಅದಕ್ಕೂ ಅಂಚಿಗೂ ನಡುವೆ ಯಾವಾಗಲೂ ಸ್ವಲ್ಪ ಜಾಗ ಇರುತ್ತದೆ. x = 0.99 ಆದರೂ 0.01ರಷ್ಟು ಜಾಗ ಇದೆ. ಆ x ಗಿಂತ ಆಚೆ ಏನಾಗುತ್ತಿದೆ ಎನ್ನುವುದು ನಮ್ಮ ಇಂಟಿಗ್ರಲ್‌ಗೆ ಬೇಕಾಗಿಯೇ ಇಲ್ಲ.

ಆದ್ದರಿಂದ r ಎನ್ನುವ ಒಂದು ಸಂಖ್ಯೆ ತೆಗೆದುಕೊಳ್ಳಿ, 1ಕ್ಕಿಂತ ಕಡಿಮೆ ಇರಲಿ, |x| ನಷ್ಟಾದರೂ ಇರಲಿ. [−r, r] ಎನ್ನುವ ಮುಚ್ಚಿದ ಇಂಟರ್ವಲ್‌ನೊಳಗೆ ಮಾತ್ರ ನೋಡಿ. ಅಲ್ಲಿ |t|ⁿ ಎನ್ನುವುದು rⁿ ದಾಟುವುದಿಲ್ಲ. 1+t ಎನ್ನುವುದು 1 − r ಗಿಂತ ಕಡಿಮೆಯಾಗುವುದಿಲ್ಲ. ಹಾಗಾಗಿ,

ಉಳಿಕೆ ≤ rⁿ/(1 − r)

ಬಲಗಡೆ t ಇಲ್ಲವೇ ಇಲ್ಲ, ಗಮನಿಸಿ. ಯೂನಿಫಾರ್ಮ್ ಎಂದರೆ ಇದೇ. r ಒಂದಕ್ಕಿಂತ ಕಡಿಮೆ ಇರುವುದರಿಂದ rⁿ ಸೊನ್ನೆಗೆ ಹೋಗುತ್ತದೆ, 1 − r ಅಲುಗಾಡದೆ ಇರುತ್ತದೆ. Mₙ ಸಿಕ್ಕಿತು, ಮೇಲಿನ ಆಯತ ಚಪ್ಪಟೆಯಾಯಿತು, ಒಂದೊಂದೇ ಪದ ಇಂಟಿಗ್ರೇಟ್ ಮಾಡಲು ಅನುಮತಿ ಸಿಕ್ಕಿತು. ವೈಯರ್‌ಸ್ಟ್ರಾಸ್ ಹೆಸರಿನ ಎಂ-ಟೆಸ್ಟ್ ಬಳಸಿದರೂ ಇದೇ ಬರುತ್ತದೆ: |tᵏ| ≤ rᵏ, ಮತ್ತು rᵏ ಗಳ ಮೊತ್ತ ಸೀಮಿತ. ಉಳಿಕೆಗೆ ಸೂತ್ರ ಇಲ್ಲದ ಶ್ರೇಣಿಗಳಲ್ಲಿ ಆ ಟೆಸ್ಟೇ ಗತಿ. ಇಲ್ಲಿ ಸೂತ್ರ ಇರುವುದರಿಂದ ಎಷ್ಟು ಪದ ಬೇಕು ಎಂದೂ ನೇರವಾಗಿ ಹೇಳಬಹುದು.

ಹೇಳಿಯೇ ನೋಡೋಣ. [−r, r] ಪೂರ್ತಿ ಗುಣೋತ್ತರ ಶ್ರೇಣಿಯ ಉಳಿಕೆ 0.001 ದಾಟಬಾರದು ಎಂದು ಇಟ್ಟುಕೊಳ್ಳಿ. r = 0.5 ಆದರೆ 11 ಪದ ಸಾಕು. r = 0.9 ಆದರೆ 88 ಪದ ಬೇಕು. r = 0.99 ಆದರೆ 1146. ಪ್ರತಿ r ಗೂ ಒಂದು n ಇದೆ, ಅದು ಆ ಇಂಟರ್ವಲ್‌ನ ಎಲ್ಲಾ ಬಿಂದುಗಳಿಗೂ ಸಾಕಾಗುತ್ತದೆ. ಆದರೆ r ಒಂದರ ಕಡೆ ಹೋದಂತೆ ಆ n ಗೆ ಮಿತಿಯೇ ಇಲ್ಲ. ಎಲ್ಲಾ r ಗಳಿಗೂ ಸಾಕಾಗುವ ಒಂದೇ n ಎಂಬುದು ಇಲ್ಲ.

ಈ ಜಾಗದಲ್ಲಿ ತುಂಬ ಜನ ತಡವರಿಸುತ್ತಾರೆ, ಅದರಲ್ಲಿ ಆಶ್ಚರ್ಯ ಇಲ್ಲ. ಒಂದೊಂದು [−r, r] ನಲ್ಲೂ ಯೂನಿಫಾರ್ಮ್ ಇದೆ. ಈ ಇಂಟರ್ವಲ್‌ಗಳನ್ನೆಲ್ಲ ಒಟ್ಟು ಸೇರಿಸಿದರೆ (−1, 1) ಪೂರ್ತಿ ಸಿಗುತ್ತದೆ. ಆದರೂ (−1, 1) ಮೇಲೆ ಯೂನಿಫಾರ್ಮ್ ಇಲ್ಲ. ಮೊದಲ ಸಲ ಓದಿದಾಗ ಇದು ವಿರೋಧಾಭಾಸದ ಹಾಗೆ ಕಾಣುತ್ತದೆ ಅಲ್ವಾ? ಆದರೆ ಇದರಲ್ಲಿ ವಿರೋಧ ಇಲ್ಲ. ಪ್ರತಿ ಊಟದ ಎಲೆಗೂ ಒಂದು ಅಂಚು ಇದೆ ಎಂದಾಕ್ಷಣ ಎಲ್ಲಾ ಎಲೆಗಳಿಗೂ ಒಂದೇ ಅಂಚು ಇದೆ ಎಂದಾಗುವುದಿಲ್ಲವಲ್ಲ, ಹಾಗೆ. r ಮೊದಲು ಆರಿಸಿ, n ಆಮೇಲೆ ಬರಲಿ. ಆ ಕ್ರಮವನ್ನು ತಿರುಗಿಸಿದರೆ ಮಾತೇ ಬೇರೆಯಾಗುತ್ತದೆ.

ಇನ್ನೊಂದು ಸಂಗತಿ ನನಗೆ ಬಹಳ ಮುಖ್ಯ ಎನಿಸುತ್ತದೆ. ಫಲಿತಾಂಶ ಮಾತ್ರ ಇಡೀ (−1, 1) ಗೆ ಸಿಗುತ್ತದೆ. "ln(1+x) ಎನ್ನುವುದು ಈ ಶ್ರೇಣಿಗೆ ಸಮ" ಎನ್ನುವ ಮಾತನ್ನು ಒಂದೊಂದು x ಗೆ ಬೇರೆಬೇರೆಯಾಗಿ ಸಾಧಿಸಿದರೆ ಸಾಕು, ಏಕೆಂದರೆ ಅದು ಒಂದು x ಬಗ್ಗೆ ಹೇಳುವ ಮಾತು. ಪ್ರತಿ x ಗೂ ಅದರದೇ r ಇದೆ. ಯೂನಿಫಾರ್ಮ್ ಎನ್ನುವ ಗುಣ ಹಾಗಲ್ಲ, ಅದು ಇಡೀ ಇಂಟರ್ವಲ್ ಬಗ್ಗೆ ಹೇಳುವ ಮಾತು. ಅದಕ್ಕೇ ಮೊದಲನೆಯದು ಚಿಕ್ಕ ಚಿಕ್ಕ ಇಂಟರ್ವಲ್‌ಗಳಿಂದ ದೊಡ್ಡದಕ್ಕೆ ದಾಟುತ್ತದೆ, ಎರಡನೆಯದು ದಾಟುವುದಿಲ್ಲ.

ಒಂದು ಬೆಲೆ ಹಾಕಿ ಪೂರ್ತಿ ಲೆಕ್ಕ ಮಾಡೋಣ. x = −1/2 ತೆಗೆದುಕೊಂಡರೆ ln(1/2) ಬರುತ್ತದೆ, ಅಂದರೆ −ln 2. ಎರಡೂ ಕಡೆ ಚಿಹ್ನೆ ಬದಲಿಸಿದರೆ,

ln 2 = 1/2 + 1/8 + 1/24 + 1/64 + 1/160 + …

k ನೇ ಪದ 1/(k·2ᵏ). ಹತ್ತು ಪದ ಕೂಡಿಸಿದರೆ 0.693065 ಬರುತ್ತದೆ. ನಿಜವಾದ ಬೆಲೆ 0.693147. ವ್ಯತ್ಯಾಸ ಸುಮಾರು 0.000082.

ನಮ್ಮ ಆಯತ ಇದರ ಬಗ್ಗೆ ಏನು ಹೇಳಿತ್ತು? r = 1/2, n = 10. ಉದ್ದ 1/2, ಎತ್ತರ (1/1024) ÷ (1/2), ಅಂದರೆ 2/1024. ಗುಣಿಸಿದರೆ 1/1024, ಸುಮಾರು 0.00098. ನಿಜವಾದ ವ್ಯತ್ಯಾಸಕ್ಕಿಂತ ಇದು ಹತ್ತು ಪಟ್ಟಿಗೂ ಜಾಸ್ತಿ. ಯಾಕೆಂದರೆ ಉಳಿಕೆ ದೊಡ್ಡದಾಗಿರುವುದು −1/2ರ ಹತ್ತಿರ ಮಾತ್ರ, ಸೊನ್ನೆಯ ಕಡೆ ಬಂದರೆ ಅದು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಆಯತ ಮಾತ್ರ ಎಲ್ಲಾ ಕಡೆ ಅದೇ ದೊಡ್ಡ ಬೆಲೆ ಇಟ್ಟುಕೊಂಡು ಲೆಕ್ಕ ಹಾಕುತ್ತದೆ.

ಸ್ವಲ್ಪ ಹುಷಾರಾಗಿ ಮಾಡಿದರೆ ಇನ್ನೂ ಚೆನ್ನಾದ ಅಂದಾಜು ಸಿಗುತ್ತದೆ. ಕೆಳಗಿನ 1+t ಗೆ ಮಾತ್ರ ಅದರ ಅತಿ ಚಿಕ್ಕ ಬೆಲೆ 1/2 ಹಾಕಿ, ಮೇಲಿನ |t|ⁿ ಅನ್ನು ಹಾಗೇ ಬಿಟ್ಟು ಇಂಟಿಗ್ರೇಟ್ ಮಾಡಿ. ಆಗ ಬರುವುದು 1/((n+1)·2ⁿ). n = 10 ಹಾಕಿದರೆ 1/11264, ಸುಮಾರು 0.000089. ನಿಜವಾದ 0.000082 ಇದರ ಒಳಗೆ ಕೂತಿದೆ, ಹತ್ತಿರವಾಗಿಯೇ ಕೂತಿದೆ. ಇಂಟಿಗ್ರೇಟ್ ಮಾಡುವಾಗ ಒಂದು n+1 ಕೆಳಗೆ ಬಂತಲ್ಲ, ಅದನ್ನು ಸ್ವಲ್ಪ ನೆನಪಿಡಿ. ಈಗಲೇ ಬೇಕಾಗುತ್ತದೆ.

ಯಾಕೆಂದರೆ ಒಂದು ಬಿಂದು ಬಾಕಿ ಇದೆ, x = 1. ಅಲ್ಲಿ ಶ್ರೇಣಿ ಹೇಳುವುದು ಇದನ್ನು:

1 − 1/2 + 1/3 − 1/4 + … = ln 2

ಇದು ನಿಜ. ಆದರೆ ಇಲ್ಲಿಯವರೆಗೆ ಮಾಡಿದ ಸಾಧನೆ ಇದನ್ನು ಕೊಡುವುದಿಲ್ಲ. x = 1 ಯಾವ [−r, r] ಒಳಗೂ ಇಲ್ಲ. ಅಲ್ಲಿ ಗುಣೋತ್ತರ ಶ್ರೇಣಿ 1 − 1 + 1 − 1 + … ಆಗುತ್ತದೆ, ಅದಕ್ಕೆ ಮೊತ್ತವೇ ಇಲ್ಲ. ಪಠ್ಯಗಳಲ್ಲಿ ಕೆಲವು ಸಲ "(−1, 1) ಮೇಲೆ ಸಾಧಿಸಿದೆವು, ಆದ್ದರಿಂದ x = 1 ಹಾಕಿದರೆ" ಎಂದು ಒಂದೇ ಉಸಿರಿನಲ್ಲಿ ಬರೆದುಬಿಡುತ್ತಾರೆ. ಆ "ಆದ್ದರಿಂದ" ಎನ್ನುವಲ್ಲಿ ಒಂದು ಕಾರಣ ಕಾಣೆಯಾಗಿದೆ. ಓದುವವರಿಗೆ ಅದನ್ನು ಹೇಳಲೇಬೇಕು ಎಂದು ನನ್ನ ಅಭಿಪ್ರಾಯ.

ಕಾರಣ ದೂರ ಇಲ್ಲ. ಉಳಿಕೆಯ ಸೂತ್ರಕ್ಕೇ ಹಿಂದಿರುಗಿ. ಅದು t = 1ರಲ್ಲೂ ನಿಜವಾದ ಸಮೀಕರಣ. ಸೊನ್ನೆಯಿಂದ ಒಂದರವರೆಗೆ ಇಂಟಿಗ್ರೇಟ್ ಮಾಡಿ. ಬಲಗಡೆ n ಪದಗಳು ಮಾತ್ರ ಇರುವುದರಿಂದ ಯಾರ ಅನುಮತಿಯೂ ಬೇಡ. ಉಳಿಯುವುದು tⁿ/(1+t) ಯ ಇಂಟಿಗ್ರಲ್. ಇಲ್ಲಿ 1+t ಒಂದಕ್ಕಿಂತ ಕಡಿಮೆ ಇಲ್ಲ. ಆದ್ದರಿಂದ ಆ ಇಂಟಿಗ್ರಲ್ tⁿ ನ ಇಂಟಿಗ್ರಲ್‌ಗಿಂತ ಹೆಚ್ಚಿಲ್ಲ, ಅಂದರೆ 1/(n+1) ಗಿಂತ ಹೆಚ್ಚಿಲ್ಲ. ಅದು ಸೊನ್ನೆಗೆ ಹೋಗುತ್ತದೆ. ಮುಗಿಯಿತು. ಇದೇ ಮಾತನ್ನು ಆಬೆಲ್ ಪ್ರಮೇಯದಿಂದಲೂ ಪಡೆಯಬಹುದು: ಘಾತ ಶ್ರೇಣಿ ಅಂಚಿನಲ್ಲಿ ಒಂದು ಮೊತ್ತಕ್ಕೆ ಸೇರಿದರೆ, ಒಳಗಿನಿಂದ ಬರುವ ಲಿಮಿಟ್ ಅದಕ್ಕೇ ಸಮ. ಆದರೆ ಇಲ್ಲಿ ಅಷ್ಟು ದೊಡ್ಡ ಆಯುಧ ಬೇಕಿಲ್ಲ.

ಇಲ್ಲಿ ನಡೆದದ್ದು ಏನು ಎಂದು ಸ್ವಲ್ಪ ನಿಂತು ನೋಡಬೇಕು. [0, 1) ಮೇಲೆ ಉಳಿಕೆ ಯೂನಿಫಾರ್ಮ್ ಆಗಿ ಸೊನ್ನೆಗೆ ಹೋಗುವುದಿಲ್ಲ, ಅಂಚಿನ ಹತ್ತಿರ ಅದು 1/2ರ ಹತ್ತಿರಕ್ಕೆ ಹೋಗುತ್ತದೆ. ಆದರೂ ಅದರ ವಿಸ್ತೀರ್ಣ ಸೊನ್ನೆಗೆ ಹೋಯಿತು. gₙ ನ ಶಿಖರದ ಜೊತೆ ಹೋಲಿಸಿ. ಎರಡರಲ್ಲೂ ಉಬ್ಬು 1ರ ಕಡೆ ಸರಿಯುತ್ತದೆ, ಎರಡರಲ್ಲೂ ಕಿರಿದಾಗುತ್ತದೆ. ಅಗಲ ಸುಮಾರು 1/n ನಷ್ಟು. gₙ ನಲ್ಲಿ ಎತ್ತರ n ನಷ್ಟೇ ವೇಗದಲ್ಲಿ ಬೆಳೆಯಿತು, ಹಾಗಾಗಿ ವಿಸ್ತೀರ್ಣ ಉಳಿಯಿತು. ಇಲ್ಲಿ ಎತ್ತರ 1/2 ದಾಟುವುದೇ ಇಲ್ಲ, ಹಾಗಾಗಿ ಅಗಲದ ಜೊತೆ ವಿಸ್ತೀರ್ಣವೂ ಹೋಯಿತು. ಅಂದರೆ ಯೂನಿಫಾರ್ಮ್ ಕನ್ವರ್ಜೆನ್ಸ್ ಇದ್ದರೆ ಸಾಕು, ಆದರೆ ಅದು ಇರಲೇಬೇಕು ಎಂದೇನಿಲ್ಲ. ಅದು ಇಲ್ಲದಿದ್ದಾಗ ಲೆಕ್ಕ ತಪ್ಪು ಎಂದು ತೀರ್ಮಾನಿಸಬಾರದು, ಬೇರೆ ಕಾರಣ ಹುಡುಕಬೇಕು.

ಮೇಲಿನ ಅಂದಾಜಿನಲ್ಲಿ 1ರ ಬದಲು 1ರ ವರೆಗಿನ ಯಾವ x ಹಾಕಿದರೂ 1/(n+1) ಸಾಕಾಗುತ್ತದೆ. ಹಾಗಾಗಿ ಇಂಟಿಗ್ರೇಟ್ ಮಾಡಿದ ಮೇಲೆ ಸಿಕ್ಕ ಲಾಗ್ ಶ್ರೇಣಿ [0, 1] ಪೂರ್ತಿ ಯೂನಿಫಾರ್ಮ್ ಆಗಿ ಸೇರುತ್ತದೆ, ಕೊನೆಯ ಬಿಂದುವೂ ಸೇರಿ. ಹೊರಟ ಶ್ರೇಣಿಗೆ ಇಲ್ಲದ ಗುಣ ಬಂದ ಶ್ರೇಣಿಗೆ ಇದೆ. ಆ n+1 ಕೆಳಗೆ ಬಂದಿದ್ದೇ ಇದಕ್ಕೆ ಕಾರಣ. ಎಡಗಡೆ ಮಾತ್ರ −1 ತನಕ ಹೋಗಲು ಸಾಧ್ಯವಿಲ್ಲ, ಅಲ್ಲಿ ಶ್ರೇಣಿ −(1 + 1/2 + 1/3 + …) ಆಗಿ ಮಿತಿಯಿಲ್ಲದೆ ಬೆಳೆಯುತ್ತದೆ. ln 0 ಇಲ್ಲದಿರುವುದಕ್ಕೂ ಇದಕ್ಕೂ ಸರಿಯಾಗಿ ಹೊಂದುತ್ತದೆ. ಒಟ್ಟಿನಲ್ಲಿ ಲಾಗ್ ಶ್ರೇಣಿ [−r, 1] ಮೇಲೆ ಯೂನಿಫಾರ್ಮ್, r ಒಂದಕ್ಕಿಂತ ಕಡಿಮೆ ಇದ್ದರೆ.

ಇದರಿಂದಲೇ ಹಿಂದಕ್ಕೆ ಹೋಗುವ ದಾರಿ ಯಾಕೆ ಅಪಾಯದ್ದು ಎಂದೂ ತಿಳಿಯುತ್ತದೆ. ಲಾಗ್ ಶ್ರೇಣಿ [0, 1] ಮೇಲೆ ಯೂನಿಫಾರ್ಮ್ ಆಗಿದೆ ಎಂದು ಒಂದೊಂದೇ ಪದ ಡಿಫರೆನ್ಷಿಯೇಟ್ ಮಾಡಿದರೆ x = 1ರಲ್ಲಿ ಸಿಗುವುದು 1 − 1 + 1 − 1 + …, ಮೊತ್ತವೇ ಇಲ್ಲದ ಶ್ರೇಣಿ. ln(1+x) ನ ಡೆರಿವೇಟಿವ್ ಅಲ್ಲಿ ಆರಾಮಾಗಿ 1/2 ಇದೆ. ಇಂಟಿಗ್ರೇಟ್ ಮಾಡುವುದಕ್ಕೆ ಮೂಲ ಶ್ರೇಣಿ ಯೂನಿಫಾರ್ಮ್ ಇದ್ದರೆ ಸಾಕು. ಡಿಫರೆನ್ಷಿಯೇಟ್ ಮಾಡುವುದಕ್ಕೆ, ಡಿಫರೆನ್ಷಿಯೇಟ್ ಮಾಡಿ ಬಂದ ಶ್ರೇಣಿಯೇ ಯೂನಿಫಾರ್ಮ್ ಇದೆಯಾ ಎಂದು ನೋಡಬೇಕು.

1ರ ಆಚೆ? ln 3 ಎನ್ನುವ ಸಂಖ್ಯೆ ಇದೆ, ಆದರೆ x = 2 ಹಾಕಿದರೆ ಪದಗಳು 2, −2, 8/3, −4 ಎಂದು ಬೆಳೆಯುತ್ತಲೇ ಹೋಗುತ್ತವೆ. ಉಳಿಕೆಯ ಸಮೀಕರಣ ಅಲ್ಲೂ ನಿಜವೇ, ಆದರೆ ಉಳಿಕೆಯೇ ದೊಡ್ಡದಾಗುತ್ತಿದೆ. ಅಲ್ಲಿ ಈ ಶ್ರೇಣಿಯಿಂದ ಏನೂ ಸಿಗುವುದಿಲ್ಲ.

ಈಗ ಒಂದೇ ಸಂಖ್ಯೆಗೆ ಎರಡು ದಾರಿ ಇವೆ. x = −1/2 ದಾರಿಯಲ್ಲಿ ಹತ್ತು ಪದಕ್ಕೆ ವ್ಯತ್ಯಾಸ 0.000082. x = 1 ದಾರಿಯಲ್ಲಿ ಹತ್ತು ಪದ ಕೂಡಿಸಿದರೆ 0.645635, ವ್ಯತ್ಯಾಸ 0.0475. ಈ ದಾರಿಯಲ್ಲಿ n ಪದಗಳಾದ ಮೇಲೆ ವ್ಯತ್ಯಾಸ ಸುಮಾರು 1/(2n). ಅಂದರೆ 0.0001 ಒಳಗೆ ಬರಲು ಹತ್ತಿರ ಹತ್ತಿರ 5000 ಪದ ಬೇಕು. ಅಂಚಿನಲ್ಲಿ rⁿ ಎನ್ನುವ ಸಹಾಯ ಇಲ್ಲ, n+1 ಒಂದೇ ಕೆಲಸ ಮಾಡಬೇಕು. ಶ್ರೇಣಿ ಸೇರುತ್ತದೆ ಎನ್ನುವುದು ಒಂದು ಮಾತು, ಅದರಿಂದ ಲೆಕ್ಕ ಮಾಡಬಹುದು ಎನ್ನುವುದು ಇನ್ನೊಂದು.

ಹಾಗಾಗಿ ಕೈಯಲ್ಲಿ ಲೆಕ್ಕ ಮಾಡುವವರು x ಅನ್ನು ಅಂಚಿನಿಂದ ಒಳಗೆ ಎಳೆದುಕೊಳ್ಳುವ ಉಪಾಯ ಹುಡುಕಿದರು. ln(1+x) ನಿಂದ ln(1−x) ಕಳೆಯಿರಿ. ಎರಡೂ ಶ್ರೇಣಿಗಳು ಅದೇ [−r, r] ಮೇಲೆ ಸಾಧುವಾದ್ದರಿಂದ ಪದಕ್ಕೆ ಪದ ಕಳೆಯಬಹುದು. ಸಮ ಘಾತಗಳು ಹೋಗುತ್ತವೆ:

ln((1+x)/(1−x)) = 2(x + x³/3 + x⁵/5 + x⁷/7 + …)

x = 1/3 ಹಾಕಿದರೆ ಎಡಗಡೆ ln((4/3)/(2/3)), ಅಂದರೆ ln 2. ಈಗ r = 1/3, ಮತ್ತು ಪ್ರತಿ ಪದಕ್ಕೂ ಒಂಬತ್ತು ಪಟ್ಟು ಇಳಿತ. ನಾಲ್ಕು ಪದ ಮಾತ್ರ ಕೂಡಿಸೋಣ: 1/3 + 1/81 + 1/1215 + 1/15309, ಅದರ ಎರಡರಷ್ಟು 0.693135. ಬಿಟ್ಟ ಪದಗಳಲ್ಲಿ ಮೊದಲನೆಯದರ ಕೆಳಗೆ 9 ಇದೆ, ಮುಂದಿನವುಗಳ ಕೆಳಗೆ ಇನ್ನೂ ದೊಡ್ಡ ಸಂಖ್ಯೆಗಳು. ಎಲ್ಲದಕ್ಕೂ 9 ಎಂದೇ ಇಟ್ಟುಕೊಂಡು ಗುಣೋತ್ತರ ಶ್ರೇಣಿಯಂತೆ ಕೂಡಿಸಿದರೆ, ಬಿಟ್ಟಿದ್ದೆಲ್ಲ ಸೇರಿ 1/78732 ದಾಟುವುದಿಲ್ಲ, ಅಂದರೆ ಸುಮಾರು 0.0000127. ನಿಜವಾದ ವ್ಯತ್ಯಾಸ 0.0000124. x = 1ರ ದಾರಿಯಲ್ಲಿ ಇಷ್ಟೇ ಹತ್ತಿರ ಬರಲು ನಲವತ್ತು ಸಾವಿರ ಪದ ಕೂಡಿಸಬೇಕಿತ್ತು.